ತಡೆಹಿಡಿದ ಸೆಟಲ್‌ಮೆಂಟ್ ಬಿಡುಗಡೆ ಮಾಡಲು ಕೋರಿಕೆ: ಮರ್ಚೆಂಟ್ ಐಡಿ MID-40718

ಇಳಕಲ್, 4 ಸೆಪ್ಟೆಂಬರ್ 2025

ಗೆ,
ಪೇಮೆಂಟ್ ಗೇಟ್‌ವೇ ಕಂಪನಿಯ ರಿಸ್ಕ್ ಮತ್ತು ಸೆಟಲ್‌ಮೆಂಟ್ ವಿಭಾಗದವರಿಗೆ
(ಪ್ರತಿ: ನೋಡಲ್ ಅಧಿಕಾರಿಗಳಿಗೆ)

ನಮಸ್ಕಾರ.

ಆಗಸ್ಟ್ 18ರಿಂದ 22ರವರೆಗೆ ನಮ್ಮ ಖಾತೆಗೆ 128 ಆರ್ಡರ್‌ಗಳಿಂದ ಬಂದ ₹4,86,400 ನಿಮ್ಮಲ್ಲಿ ಹೋಲ್ಡ್ ಆಗಿದೆ. ‘ವಹಿವಾಟು ದಿಢೀರ್ ಏರಿದೆ’ ಎಂದು 23ರಂದು ಮೇಲ್ ಕಳಿಸಿದಿರಿ. ಒಪ್ಪಂದದ ಪ್ರಕಾರ ಎರಡು ಕೆಲಸದ ದಿನಗಳಲ್ಲಿ ಹಣ ಬರಬೇಕಿತ್ತು.

ವಹಿವಾಟು ಏರಿದ್ದು ನಿಜ. ಆ ಮುಂದಿನ ಮಂಗಳವಾರವೇ ಗೌರಿ ಹಬ್ಬ. ಬಾಗಿನಕ್ಕೆ, ತವರಿನ ಉಡುಗೊರೆಗೆ ಇಳಕಲ್ ಸೀರೆ ಕೇಳುವವರು ಆ ವಾರ ಜಾಸ್ತಿ. ಕಳೆದ ವರ್ಷದ ಹಬ್ಬದ ವಾರದ ಮಾರಾಟವೂ ಹೀಗೇ ಏರಿತ್ತು, ಅದರ ರಿಪೋರ್ಟ್ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲೇ ಇದೆ.

ನಿಮಗೆ ಅನುಮಾನ ತಂದಿರಬಹುದಾದ್ದು 20ನೇ ತಾರೀಖಿನ ₹71,600ರ ಒಂದೇ ಪೇಮೆಂಟ್. ಧಾರವಾಡದ ಶಿಕ್ಷಕಿಯರ ಗುಂಪೊಂದು 18 ಸೀರೆ ಒಟ್ಟಿಗೆ ತರಿಸಿಕೊಂಡಿತು, ಒಬ್ಬರೇ ಕಾರ್ಡ್‌ನಲ್ಲಿ ಕಟ್ಟಿದರು. ಮೊತ್ತ ₹50,000 ದಾಟಿದ್ದರಿಂದ ಇ-ವೇ ಬಿಲ್ ಮಾಡಿಯೇ ಕಳಿಸಿದ್ದೇವೆ. ಸೀರೆ ತಲುಪಿದ ಸಹಿಯೂ ಇದೆ.

ಒಟ್ಟು ಲೆಕ್ಕ ಹೀಗಿದೆ. 121 ಆರ್ಡರ್ ಗ್ರಾಹಕರ ಕೈ ಸೇರಿವೆ: ₹4,61,150. ನಾಲ್ಕು ವಾಪಸ್ ಬಂದಿವೆ, ₹14,900 ರಿಫಂಡ್ ಆಗಿದೆ. ಮೂರು ಕೊರಿಯರ್‌ನಲ್ಲಿವೆ: ₹10,350. ಇದುವರೆಗೆ ಒಂದೂ ಚಾರ್ಜ್‌ಬ್ಯಾಕ್ ಬಂದಿಲ್ಲ.

ತಲುಪಿದ ಆರ್ಡರ್‌ಗಳ ₹4,61,150ನ್ನು ನಿಮ್ಮ ಶುಲ್ಕ, ಜಿಎಸ್‌ಟಿ ಕಳೆದು ಈಗಲೇ ಬಿಡುಗಡೆ ಮಾಡಿ. ಉಳಿದ ₹10,350 ಡೆಲಿವರಿ ಆದ ಮೇಲೆ ಕೊಟ್ಟರೆ ಸಾಕು. ಪೂರ್ತಿ ಬಿಡಲು ಆಗದಿದ್ದರೆ ಯಾವ ಆರ್ಡರ್‌ಗೆ ಏನು ತಕರಾರು ಎಂದು ಬರೆದು ತಿಳಿಸಿ. ಒಂದೆರಡು ಆರ್ಡರ್‌ನ ಅನುಮಾನಕ್ಕೆ ಎಲ್ಲವನ್ನೂ ತಡೆಯುವುದು ಸರಿಯಲ್ಲ, ಅಲ್ವಾ?

ನಮ್ಮ ಸೀರೆ ನೇಯುವವರಿಗೆ ವಾರಕ್ಕೊಮ್ಮೆ ಮಜೂರಿ ಕೊಡಬೇಕು. ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ಅದು, ಕಣ್ಣು ಸೋಲುತ್ತದೆ. ದುಡಿದವರಿಗೆ ‘ಹಣ ಬಂದಿಲ್ಲ’ ಎಂದು ಹೇಳಲು ನಮಗೆ ಮನಸ್ಸಾಗುತ್ತಿಲ್ಲ. ಸೆಪ್ಟೆಂಬರ್ 10ರೊಳಗೆ ಉತ್ತರ ಕೊಡಿ.

ಲಗತ್ತಿಸಿದ ದಾಖಲೆಗಳು:
1. ಜಿಎಸ್‌ಟಿ ನೋಂದಣಿ, ಉದ್ಯಮ್ ಪ್ರಮಾಣಪತ್ರ, ಪ್ಯಾನ್ ಪ್ರತಿ
2. ಕ್ಯಾನ್ಸಲ್ ಮಾಡಿದ ಚೆಕ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್
3. 128 ಆರ್ಡರ್‌ಗಳ ಪಟ್ಟಿ (ಪೇಮೆಂಟ್ ಐಡಿ, ಇನ್‌ವಾಯ್ಸ್ ನಂಬರ್, ಕೊರಿಯರ್ ಟ್ರ್ಯಾಕಿಂಗ್ ನಂಬರ್ ಸಹಿತ) ಮತ್ತು ಎಲ್ಲ ಇನ್‌ವಾಯ್ಸ್
4. ತಲುಪಿದ 121 ಆರ್ಡರ್‌ಗಳ ಡೆಲಿವರಿ ರಸೀದಿ
5. ಧಾರವಾಡ ಆರ್ಡರ್‌ನ ಇ-ವೇ ಬಿಲ್, ಗ್ರಾಹಕರ ಜೊತೆಗಿನ ವಾಟ್ಸಾಪ್ ಮಾತುಕತೆ (ಅವರ ಒಪ್ಪಿಗೆ ಪಡೆದು)
6. ನಾಲ್ಕು ರಿಫಂಡ್‌ಗಳ ವಿವರ
7. ನೇಕಾರರಿಗೆ ಮಜೂರಿ ಕೊಟ್ಟ, ನೂಲು ಖರೀದಿಸಿದ ಬಿಲ್‌ಗಳು
8. ನಿಮ್ಮ 23ರ ಮೇಲ್‌ನ ಪ್ರತಿ

ಬೇರೆ ಕಾಗದ ಬೇಕಿದ್ದರೆ ಎಲ್ಲವನ್ನೂ ಒಂದೇ ಸಲ ಕೇಳಿ, ಅದೇ ದಿನ ಕಳಿಸುತ್ತೇವೆ. ವಿಡಿಯೋ ಕರೆಯಲ್ಲಿ ಅಂಗಡಿ, ಮಗ್ಗ ತೋರಿಸಲೂ ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ಮಹಾದೇವಿ
ಮಾಲೀಕರು, ಕೈಮಗ್ಗ ಸೀರೆ ಅಂಗಡಿ, ಇಳಕಲ್