ಡಾಕ್ಸಿಸೈಕ್ಲಿನ್ ಕೊಡುವಾಗ ಆಡಬೇಕಾದ ಮಾತು: ಹಾಸ್ಟೆಲ್ ವಿದ್ಯಾರ್ಥಿನಿಗೆ

ಕೋಲಾರದ ನಮ್ಮ ಮೆಡಿಕಲ್ ಸ್ಟೋರಿನ ಕೌಂಟರಿಗೆ ಬರೆದದ್ದು. ಬಂದಿರುವವಳು ಮುಳಬಾಗಿಲು ಕಡೆಯ ಹುಡುಗಿ, ವಯಸ್ಸು 19, ಬಿ.ಎಸ್ಸಿ. ಎರಡನೇ ವರ್ಷ, ಇರುವುದು ಹಾಸ್ಟೆಲಿನಲ್ಲಿ. ಮೊಡವೆಗೆ ಚರ್ಮದ ಡಾಕ್ಟರು ಬರೆದಿರುವುದು: ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆ ಒಂದು, ಊಟದ ನಂತರ, 6 ವಾರ. ರಾತ್ರಿ ಹಚ್ಚಲು ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್.

ಅಂಗಡಿಯಲ್ಲಿ ಜನ ಇದ್ದರೆ ಪಕ್ಕಕ್ಕೆ ಕರೆದು ಮಾತಾಡಿ. ಮುಖದ ಮೊಡವೆ ಬಗ್ಗೆ ಎಲ್ಲರ ಮುಂದೆ ಕೇಳಿದರೆ ಹುಡುಗಿಯರು ಎಲ್ಲಕ್ಕೂ "ಹೂಂ" ಅಂದು ಹೊರಟುಬಿಡುತ್ತಾರೆ. "ಊಟ ಆದ ಮೇಲೆ ಒಂದು" ಅಂತ ಮಾತ್ರ ಹೇಳಿದರೆ ಈ ಮಾತ್ರೆಗೆ ಸಾಲುವುದಿಲ್ಲ. ಅವಳ ದಿನ ಹೇಗೆ ನಡೆಯುತ್ತದೆ ಅಂತ ಕೇಳಿ, ಅದರಲ್ಲಿ ಮಾತ್ರೆಗೆ ಒಂದು ಹೊತ್ತು ಗೊತ್ತು ಮಾಡಿಕೊಡಬೇಕು.

ಫಾರ್ಮಸಿಸ್ಟ್: ಬಾಮ್ಮ, ಈ ಕಡೆ ಬಾ. ಕೊಡುವ ಮೊದಲು ಒಂದೆರಡು ಕೇಳಬೇಕು. ಹಿಂದೆ ಯಾವುದಾದರೂ ಮಾತ್ರೆ ತಿಂದು ಮೈಯೆಲ್ಲ ದದ್ದು ಬಂದಿತ್ತಾ? ಉಸಿರಾಟಕ್ಕೆ ತೊಂದರೆ ಆಗಿತ್ತಾ?

ವಿದ್ಯಾರ್ಥಿನಿ: ಇಲ್ಲ ಮೇಡಂ.

ಫಾರ್ಮಸಿಸ್ಟ್: ಇದನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬಸಿರಿನಲ್ಲಿ ಈ ಮಾತ್ರೆ ಕೊಡುವುದಿಲ್ಲ, ಮಗುವಿನ ಹಲ್ಲು, ಮೂಳೆಗೆ ತೊಂದರೆ. ಆ ಥರ ಏನೂ ಇಲ್ಲ ಅಲ್ವಾ?

ವಿದ್ಯಾರ್ಥಿನಿ: ಇಲ್ಲ.

ಫಾರ್ಮಸಿಸ್ಟ್: ಸರಿ. ಬೇರೆ ಯಾವುದಾದರೂ ಮಾತ್ರೆ ನಡೆಯುತ್ತಿದೆಯಾ? ಟಾನಿಕ್, ವಿಟಮಿನ್, ಗ್ಯಾಸಿಗೆ ಸಿರಪ್, ಏನೇ ಇರಲಿ.

ವಿದ್ಯಾರ್ಥಿನಿ: ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಕೊಟ್ಟಿದ್ದಾರೆ. ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳುತ್ತೇನೆ.

ಫಾರ್ಮಸಿಸ್ಟ್: ಹೇಳಿದ್ದು ಒಳ್ಳೆಯದಾಯಿತು. ಐರನ್ನಿಗೂ ಇದಕ್ಕೂ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಎರಡೂ ಸೇರಿದರೆ ಒಂದಕ್ಕೊಂದು ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಗೆ ಹೋಗಿಬಿಡುತ್ತವೆ. ನೀನು ಮಾತ್ರೆ ನುಂಗಿರುತ್ತೀಯ, ಮೊಡವೆ ಹಾಗೇ ಇರುತ್ತದೆ. ಹೊತ್ತು ಬೇರೆ ಮಾಡಿದರೂ ಐರನ್ ಸ್ವಲ್ಪ ಕಾಟ ಕೊಡುತ್ತದೆ. ಅದಕ್ಕೆ ನಿನ್ನ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳುತ್ತೇನೆ.

(ಫೋನ್ ಮಾಡಿ. ಡಾಕ್ಟರು ಐರನ್ ಮುಂದುವರಿಸಿ ಅಂದರೆ ಮಾತ್ರ ಮುಂದಕ್ಕೆ ಹೋಗಿ.)

ಫಾರ್ಮಸಿಸ್ಟ್: ಐರನ್ ನಿಲ್ಲಿಸಬೇಡ ಅಂದರು, ರಾತ್ರಿಯೇ ಇರಲಿ ಅಂತೆ. ಹಾಗಾದರೆ ಇದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳೋಣ. ಹಾಸ್ಟೆಲಿನಲ್ಲಿ ತಿಂಡಿ ಎಷ್ಟು ಗಂಟೆಗೆ, ಏನು ಕೊಡುತ್ತಾರೆ?

ವಿದ್ಯಾರ್ಥಿನಿ: ಎಂಟೂವರೆಗೆ. ಚಿತ್ರಾನ್ನ, ಉಪ್ಪಿಟ್ಟು, ಒಂದೊಂದು ದಿನ ಇಡ್ಲಿ. ಜೊತೆಗೆ ಕಾಫಿ. ಮಧ್ಯಾಹ್ನ, ರಾತ್ರಿ ಮುದ್ದೆ.

ಫಾರ್ಮಸಿಸ್ಟ್: ತಿಂಡಿ ಹೊಟ್ಟೆ ತುಂಬಾ ತಿನ್ನು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ವಾಂತಿಯೇ ಆಗುತ್ತದೆ. ತಿಂದ ಮೇಲೆ ಮಾತ್ರೆ. ಕಾಫಿಯಲ್ಲಿ ಹಾಲಿರುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ ಈ ಮಾತ್ರೆಯ ಬಲ ಕಮ್ಮಿ ಮಾಡುತ್ತದೆ. ಐರನ್ನಿನಷ್ಟು ಕಾಟ ಇಲ್ಲ, ಆದರೂ ಯಾಕೆ ಸುಮ್ನೆ ಕಳೆದುಕೊಳ್ಳಬೇಕು? ಕಾಫಿ ಬೇಕೇ ಬೇಕು ಅಂದರೆ ಮಾತ್ರೆ ಆಗಿ ಎರಡು ಗಂಟೆ ಬಿಟ್ಟು ಕುಡಿ.

ವಿದ್ಯಾರ್ಥಿನಿ: ಮೊಸರು, ಮಜ್ಜಿಗೆ?

ಫಾರ್ಮಸಿಸ್ಟ್: ಅದೂ ಹಾಲಿನದ್ದೇ ಅಲ್ವಾ. ಮಧ್ಯಾಹ್ನ ಧಾರಾಳವಾಗಿ ಕುಡಿ, ಬೆಳಿಗ್ಗೆ ಮಾತ್ರೆಯ ಹತ್ತಿರ ಬೇಡ. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ ಇದೆ. ಮುದ್ದೆ ಬಿಡು ಅಂತ ಹೇಳುತ್ತಿಲ್ಲ, ನಮ್ಮ ಕಡೆ ಮುದ್ದೆ ಬಿಟ್ಟು ಇರುವುದಾದರೂ ಹೇಗೆ? ಮಧ್ಯಾಹ್ನದ ಊಟಕ್ಕೆ ಇನ್ನೂ ನಾಲ್ಕೈದು ಗಂಟೆ ಇರುತ್ತದೆ, ಏನೂ ತೊಂದರೆ ಇಲ್ಲ. ಎಚ್ಚರ ಬೇಕಾಗಿರುವುದು ನೀನು ಊರಿಗೆ ಹೋದಾಗ. ಅಮ್ಮ ಬೆಳಿಗ್ಗೆ ಹಾಲು ಹಾಕಿ ರಾಗಿ ಮಾಲ್ಟ್ ಮಾಡಿ ಕೊಡುತ್ತಾರಾ?

ವಿದ್ಯಾರ್ಥಿನಿ: ಹೌದು, ದೊಡ್ಡ ಲೋಟದ ತುಂಬಾ.

ಫಾರ್ಮಸಿಸ್ಟ್: ಅದನ್ನು ಸಂಜೆಗೆ ಹಾಕಿಸಿಕೋ. ಗ್ಯಾಸ್ ಸಿರಪ್, ಚೀಪುವ ಗ್ಯಾಸ್ ಮಾತ್ರೆಗಳೂ ಹಾಗೆಯೇ. ಎದೆ ಉರಿ ಬಂತು ಅಂತ ಇದರ ಜೊತೆಗೇ ಕುಡಿಯಬೇಡ. ಮೊದಲು ನನ್ನ ಹತ್ತಿರ ಬಾ.

(ಈಗ ಸ್ಟ್ರಿಪ್ ಕೈಗೆ ಕೊಡಿ. ಮುಂದಿನ ಮಾತನ್ನು ನಿಧಾನವಾಗಿ ಹೇಳಿ. ಹಾಸ್ಟೆಲ್ ಮಕ್ಕಳು ಜಾಸ್ತಿ ಎಡವುವುದು ಇಲ್ಲಿಯೇ.)

ಫಾರ್ಮಸಿಸ್ಟ್: ನೀನು ಮಾತ್ರೆ ಹೇಗೆ ನುಂಗುತ್ತೀಯ? ನಿಜ ಹೇಳು.

ವಿದ್ಯಾರ್ಥಿನಿ: ಒಂದು ಗುಟುಕು ನೀರು. ಒಂದೊಂದು ಸಲ ನೀರಿಲ್ಲದೆಯೂ.

ಫಾರ್ಮಸಿಸ್ಟ್: ಇದನ್ನು ಹಾಗೆ ನುಂಗಲೇಬಾರದು. ಈ ಮಾತ್ರೆ ಗಂಟಲ ಕೆಳಗೆ ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಕರಗಿದರೆ ಒಳಗೆ ಸುಟ್ಟು ಹುಣ್ಣು ಮಾಡುತ್ತದೆ. ಆಮೇಲೆ ಎದೆ ನಡುವೆ ಚುಚ್ಚಿದ ಹಾಗೆ ನೋವು, ಒಂದು ತುತ್ತು ಅನ್ನ ಇಳಿಸುವುದಕ್ಕೂ ಕಷ್ಟ. ಅದಕ್ಕೆ ದೊಡ್ಡ ಲೋಟದ ತುಂಬಾ ನೀರು ತೆಗೆದುಕೋ. ಎರಡು ಗುಟುಕು ಮೊದಲು ಕುಡಿ, ಗಂಟಲು ಒದ್ದೆ ಆಗಲಿ. ನಿಂತುಕೊಂಡೋ ನೆಟ್ಟಗೆ ಕೂತುಕೊಂಡೋ ಮಾತ್ರೆ ನುಂಗಿ, ಉಳಿದ ನೀರೆಲ್ಲ ಕುಡಿ. ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡ, ಒಂದು ಗಂಟೆ ಆದರೆ ಇನ್ನೂ ಒಳ್ಳೆಯದು. ತಿಂಡಿ ಆಗಿ ಕಾಲೇಜಿಗೆ ನಡೆದುಹೋಗುತ್ತೀಯ ಅಲ್ವಾ? ಅದಕ್ಕೇ ಬೆಳಿಗ್ಗೆ ಅಂದಿದ್ದು. ರಾತ್ರಿ ಮಲಗುವ ಹೊತ್ತಿಗೆ ಹಾಸಿಗೆ ಮೇಲೆ ಕೂತು ನುಂಗಿ ಹಾಗೇ ಒರಗಿದವರಿಗೇ ಈ ಹುಣ್ಣು ಜಾಸ್ತಿ ಬರುತ್ತದೆ.

ವಿದ್ಯಾರ್ಥಿನಿ: ಬೆಳಿಗ್ಗೆ ಮರೆತುಹೋದರೆ?

ಫಾರ್ಮಸಿಸ್ಟ್: ಮಧ್ಯಾಹ್ನ ನೆನಪಾಯಿತಾ, ಊಟ ಆದ ಮೇಲೆ ನುಂಗು. ಅವತ್ತು ಒಂದು ದಿನ ಮುದ್ದೆ, ಮಜ್ಜಿಗೆ ಬಿಟ್ಟು ಅನ್ನ ಸಾರು ತಿನ್ನು. ಮಲಗುವಾಗ ನೆನಪಾದರೆ ಬಿಟ್ಟುಬಿಡು, ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಒಂದೇ. ನಿನ್ನೆಯದು ಇವತ್ತಿನದು ಅಂತ ಎರಡು ಒಟ್ಟಿಗೆ ಯಾವತ್ತೂ ಬೇಡ. ಉಪವಾಸ ಏನಾದರೂ ಮಾಡುತ್ತೀಯಾ?

ವಿದ್ಯಾರ್ಥಿನಿ: ಸಂಕಷ್ಟಿ ದಿನ. ರಾತ್ರಿ ಚಂದ್ರನನ್ನು ನೋಡಿ ಊಟ.

ಫಾರ್ಮಸಿಸ್ಟ್: ಆ ಊಟ ಮುಗಿಯುವಾಗ ಮಲಗುವ ಹೊತ್ತು ಆಗಿರುತ್ತದೆ, ಐರನ್ ಕೂಡ ಆಗಲೇ. ಅದಕ್ಕೆ ಸಂಕಷ್ಟಿ ದಿನವೂ ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದು, ನೀರು ಕುಡಿದು ನುಂಗು. ಔಷಧಿಗೋಸ್ಕರ ಹಣ್ಣು ತಿಂದರೆ ಗಣಪತಿ ಏನೂ ಅಂದುಕೊಳ್ಳುವುದಿಲ್ಲಮ್ಮ.

ಈಗ ಬಿಸಿಲಿನ ವಿಷಯ. ಹೊರಗೆ ಎಷ್ಟು ಹೊತ್ತು ಇರುತ್ತೀಯ?

ವಿದ್ಯಾರ್ಥಿನಿ: ಎನ್‌.ಸಿ.ಸಿ. ಪರೇಡ್ ಇದೆ. ಊರಿಗೆ ಹೋದರೆ ಟೊಮೇಟೊ ತೋಟದಲ್ಲಿ ಅಪ್ಪನ ಜೊತೆ ಕಾಯಿ ಬಿಡಿಸುತ್ತೇನೆ. ಮಾತ್ರೆ ರಾತ್ರಿ ತೆಗೆದುಕೊಂಡರೆ ಬಿಸಿಲಿಗೆ ಏನೂ ಆಗಲ್ಲ ಅಲ್ವಾ ಮೇಡಂ?

ಫಾರ್ಮಸಿಸ್ಟ್: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಈ ಔಷಧಿ ದಿನವಿಡೀ ರಕ್ತದಲ್ಲಿ ಇರುತ್ತದೆ. 18 ಗಂಟೆ ಕಳೆದರೂ ಹೆಚ್ಚುಕಮ್ಮಿ ಅರ್ಧ ಉಳಿದಿರುತ್ತದೆ. ಹಗಲು ನುಂಗಿದರೂ ರಾತ್ರಿ ನುಂಗಿದರೂ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮೊದಲು ಒಂದು ಗಂಟೆ ತಡೆಯುತ್ತಿದ್ದ ಬಿಸಿಲು ಈಗ ಸ್ವಲ್ಪ ಹೊತ್ತಿಗೇ ಕೆಂಪಾಗಿ ಚುರುಚುರು ಅನ್ನಬಹುದು. ಕಪ್ಪು ಚರ್ಮಕ್ಕೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ.

ತೋಟದಲ್ಲಿ ತುಂಬು ತೋಳಿನ ಅಂಗಿ ಹಾಕಿಕೋ, ಅಗಲ ಅಂಚಿನ ಟೋಪಿ ಇಟ್ಟುಕೋ. ಕಾಯಿ ಬಿಡಿಸುವುದನ್ನು ಬೆಳಿಗ್ಗೆ ಬೇಗ ಮುಗಿಸು. ಹನ್ನೊಂದರಿಂದ ಮೂರರ ತನಕ ನೆರಳಿನಲ್ಲಿ ಕೂತು ವಿಂಗಡಿಸುವ ಕೆಲಸ ಮಾಡು, ಅಪ್ಪನಿಗೆ ನಾನು ಹೇಳಿದೆ ಅನ್ನು. ಪರೇಡಿನಲ್ಲಿ ಯೂನಿಫಾರ್ಮ್ ಮೈ ಮುಚ್ಚುತ್ತದೆ. ಮೂಗು, ಕಿವಿಯ ತುದಿ, ಕತ್ತಿನ ಹಿಂಭಾಗ, ಅಂಗೈ ಹಿಂದುಗಡೆ ಮಾತ್ರ ಬಯಲಿಗೆ ಬೀಳುತ್ತವೆ. ಸುಡುವುದೂ ಅಲ್ಲೇ.

(ಸನ್‌ಸ್ಕ್ರೀನ್ ಟ್ಯೂಬ್ ತೆಗೆದು ಮೇಲಿನ ಬರಹ ತೋರಿಸಿ.)

ಇಲ್ಲಿ ಎಸ್‌.ಪಿ.ಎಫ್. 30 ಅಥವಾ ಜಾಸ್ತಿ ಇರಬೇಕು, ಯು.ವಿ.ಎ. ಅಂತಲೂ ಬರೆದಿರಬೇಕು. ಈ ಮಾತ್ರೆ ಜೊತೆ ಚರ್ಮ ಕೆಡಿಸುವುದು ಜಾಸ್ತಿ ಆ ಯು.ವಿ.ಎ. ಕಿರಣವೇ. ಅದು ಗಾಜಿನಿಂದಲೂ ಒಳಗೆ ಬರುತ್ತದೆ, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತುಕೋ. ಮೋಡ ಇದೆ ಅಂತ ಹಚ್ಚುವುದು ಬಿಡಬೇಡ. ಎರಡು ಬೆರಳುದ್ದ ಕ್ರೀಮ್ ಮುಖಕ್ಕೂ ಕತ್ತಿಗೂ ಬೇಕು, ಚುಕ್ಕೆ ಇಟ್ಟರೆ ಸಾಲದು. ಹೊರಡುವ ಕಾಲು ಗಂಟೆ ಮೊದಲು ಹಚ್ಚು. ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ, ಬೆವರಿ ಮುಖ ಒರೆಸಿಕೊಂಡ ಮೇಲೆ ಮತ್ತೆ. ಇಲ್ಲಿ ಎಲ್ಲ ಬೆಲೆಯವೂ ಇವೆ, ಬರಹ ಸರಿ ಇದ್ದರೆ ಕಮ್ಮಿ ಬೆಲೆಯದೇ ಸಾಕು.

ವಿದ್ಯಾರ್ಥಿನಿ: ನಾನು ಮುಖಕ್ಕೆ ನಿಂಬೆರಸ ಹಚ್ಚುತ್ತೇನೆ ಮೇಡಂ.

ಫಾರ್ಮಸಿಸ್ಟ್: ಇವತ್ತಿಂದ ಬೇಡ. ನಿಂಬೆರಸ ಬಿಸಿಲಿಗೆ ಬಿದ್ದರೆ ಅದೊಂದೇ ಸಾಕು ಸುಡುವುದಕ್ಕೆ. ಚರ್ಮ ಕೆಂಪಾಗಿ ಉರಿದರೆ ತಣ್ಣೀರಿನ ಬಟ್ಟೆ ಇಡು, ಅಷ್ಟೇ. ಗುಳ್ಳೆ ಎದ್ದರೆ, ಉಗುರು ನೋವು ಬಂದು ಬುಡದಿಂದ ಬಿಟ್ಟುಕೊಂಡ ಹಾಗೆ ಕಂಡರೆ ಡಾಕ್ಟರಿಗೆ ತೋರಿಸು. ರಾತ್ರಿಯ ಜೆಲ್ ತೆಳ್ಳಗೆ ಹಚ್ಚು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ, ದಿಂಬಿಗೆ ಹಳೆಯ ಬಿಳಿ ಕವರ್ ಹಾಕಿಕೋ.

ವಿದ್ಯಾರ್ಥಿನಿ: ಎಷ್ಟು ದಿನಕ್ಕೆ ಹೋಗುತ್ತದೆ?

ಫಾರ್ಮಸಿಸ್ಟ್: ಮೊದಲ ವಾರ ಏನೂ ಕಾಣಿಸುವುದಿಲ್ಲ. ಕನ್ನಡಿ ನೋಡಿ ಬೇಸರ ಮಾಡಿಕೊಂಡು ನಿಲ್ಲಿಸಬೇಡ, ಇದಕ್ಕೆ ಕೆಲವು ವಾರ ಬೇಕು. 6 ವಾರಕ್ಕೆ ಡಾಕ್ಟರನ್ನು ನೋಡು. ಮುಂದುವರಿಸಬೇಕಾ ಅಂತ ಅವರು ಹೇಳುತ್ತಾರೆ. ಸ್ಟ್ರಿಪ್ ಮೇಲೆ ಈ ಕೆಂಪು ಗೆರೆ ನೋಡಿದೆಯಾ? ಚೀಟಿ ಇಲ್ಲದೆ ಕೊಡಬಾರದ ಔಷಧಿ ಅಂತ ಅರ್ಥ. ರೂಮಿನ ಗೆಳತಿಗೂ ಮೊಡವೆ ಇದ್ದರೆ ಇದರಲ್ಲಿ ಒಂದು ಕೊಡಬೇಡ, ಅವಳನ್ನು ಡಾಕ್ಟರ ಹತ್ತಿರ ಕಳಿಸು. ಅವಳ ಹತ್ತಿರ ಮೊಡವೆಯ ಬೇರೆ ಕ್ಯಾಪ್ಸೂಲ್ ಇದ್ದರೆ ನೀನೂ ತೆಗೆದುಕೊಳ್ಳಬೇಡ. ಐಸೊಟ್ರೆಟಿನಾಯಿನ್ ಅನ್ನುವುದು, ವಿಟಮಿನ್ ಎ ಮಾತ್ರೆ, ಇವನ್ನು ಇದರ ಜೊತೆ ತಿಂದರೆ ತಲೆಯೊಳಗೆ ಒತ್ತಡ ಏರಬಹುದು. ಇದೊಂದೇ ತಿಂದಾಗಲೂ ಅಪರೂಪಕ್ಕೆ ಹಾಗಾಗುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ಇವು ಬಂದರೆ ಪರೀಕ್ಷೆ ಟೆನ್ಷನ್ ಅಂತ ಸುಮ್ಮನಿರಬೇಡ. ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗು. ಮುಖ ಊದಿ ಉಸಿರು ಕಟ್ಟಿದರೂ ಅಷ್ಟೇ. ನೀರು ನೀರಾಗಿ ಭೇದಿ ನಿಲ್ಲದಿದ್ದರೆ, ನುಂಗುವಾಗ ಎದೆ ನೋವು ಬಂದರೆ, ಮುಂದಿನ ಮಾತ್ರೆ ನುಂಗುವ ಮೊದಲು ನನಗೋ ಡಾಕ್ಟರಿಗೋ ಹೇಳು.

(ಕವರಿನ ಮೇಲೆ ದೊಡ್ಡದಾಗಿ ಬರೆಯಿರಿ: "ಬೆಳಿಗ್ಗೆ 8.30ರ ತಿಂಡಿ ಆದ ಮೇಲೆ 1. ದೊಡ್ಡ ಲೋಟ ನೀರು. ಹಾಲು, ಕಾಫಿ ಮಾತ್ರೆ ಆಗಿ 2 ಗಂಟೆ ಬಿಟ್ಟು. ಐರನ್ ರಾತ್ರಿ.")

ಫಾರ್ಮಸಿಸ್ಟ್: ಈಗ ನೀನು ನನಗೆ ಹೇಳು. ಭಾನುವಾರ ಊರಿನಲ್ಲಿದ್ದೀಯ, ಅಮ್ಮ ಬೆಳಿಗ್ಗೆ ಮಾಲ್ಟ್ ತಂದುಕೊಟ್ಟರು, ಅಪ್ಪ ತೋಟಕ್ಕೆ ಕರೆಯುತ್ತಿದ್ದಾರೆ. ಏನು ಮಾಡುತ್ತೀಯ?

ವಿದ್ಯಾರ್ಥಿನಿ: ಮಾಲ್ಟ್ ಸಂಜೆಗೆ. ತಿಂಡಿ ತಿಂದು, ಲೋಟದ ತುಂಬಾ ನೀರಿನಲ್ಲಿ ಮಾತ್ರೆ. ತುಂಬು ತೋಳಿನ ಅಂಗಿ, ಟೋಪಿ, ಮುಖಕ್ಕೂ ಕತ್ತಿಗೂ ಕ್ರೀಮ್.

ಫಾರ್ಮಸಿಸ್ಟ್: ಕಿವಿ, ಕೈ?

ವಿದ್ಯಾರ್ಥಿನಿ: ಅವಕ್ಕೂ ಹಚ್ಚುತ್ತೇನೆ ಮೇಡಂ.

ಫಾರ್ಮಸಿಸ್ಟ್: ಸರಿಯಮ್ಮ. ಬಿಲ್ ಮೇಲೆ ಅಂಗಡಿ ನಂಬರ್ ಇದೆ, ರಾತ್ರಿ ಒಂಬತ್ತರ ತನಕ ಇರುತ್ತೇನೆ. ಏನೇ ಅನುಮಾನ ಬಂದರೂ ಫೋನ್ ಮಾಡು.