ರೀಫಂಡ್ ಕೋರಿಕೆ: ರೇಸಿಂಗ್ ಗೇಮ್ ಮತ್ತು ಕಾರ್ ಪ್ಯಾಕ್

ನಮಸ್ಕಾರ,

ಜುಲೈ 6ರಂದು ನಿಮ್ಮಲ್ಲಿ ₹1,499 ಕೊಟ್ಟು ಒಂದು ರೇಸಿಂಗ್ ಗೇಮ್, ಜೊತೆಗೆ ₹299ರ ಕಾರ್ ಪ್ಯಾಕ್ ಕೊಂಡಿದ್ದೆ. ಎರಡಕ್ಕೂ ರೀಫಂಡ್ ಬೇಕು. ಇವತ್ತು ಜುಲೈ 17, ಅಂದರೆ ಕೊಂಡು 11 ದಿನ. ಆಡಿದ ಸಮಯ ಅಂತ ನನ್ನ ಖಾತೆಯಲ್ಲಿ ತೋರಿಸುತ್ತಿರುವುದು 1 ಗಂಟೆ 38 ನಿಮಿಷ. ಕೊಂಡು 14 ದಿನದೊಳಗಿರಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು ಎಂಬ ನಿಮ್ಮ ಎರಡು ಷರತ್ತಿಗೂ ಇದು ಸರಿಹೋಗುತ್ತದೆ.

ಕಾರಣ ಇಷ್ಟೇ: ಗೇಮ್ ಓಡುತ್ತಿಲ್ಲ. ಮೊದಲ ರೇಸ್ ಶುರುವಾಗಿ ಒಂದೆರಡು ತಿರುವು ದಾಟುವಷ್ಟರಲ್ಲಿ ಚಿತ್ರ ಹಾಗೇ ನಿಂತುಬಿಡುತ್ತದೆ. ಆಮೇಲೆ ಗೇಮ್ ತಾನಾಗೇ ಕ್ಲೋಸ್ ಆಗುತ್ತದೆ. ಪ್ರತಿ ಸಲವೂ ಇದೇ ಕಥೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್, 6 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಇದೆ. ಗೇಮ್ ಪುಟದಲ್ಲಿ ಕನಿಷ್ಠ ಬೇಕು ಅಂತ ಬರೆದಿರುವುದು 8 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್. ಡ್ರೈವರ್ ಅಪ್‌ಡೇಟ್ ಮಾಡಿದೆ, ಗೇಮ್ ಫೈಲ್‌ಗಳನ್ನು ವೆರಿಫೈ ಮಾಡಿದೆ, ಗ್ರಾಫಿಕ್ಸ್ ಸೆಟ್ಟಿಂಗ್ ಪೂರ್ತಿ ಕೆಳಗಿಳಿಸಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಆ 1 ಗಂಟೆ 38 ನಿಮಿಷದ ಬಗ್ಗೆ ಒಂದು ಮಾತು. ಗೇಮ್ ತೆರೆದಿದ್ದಷ್ಟು ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಅಲ್ವಾ? ಶೇಡರ್ ಸಿದ್ಧವಾಗಲಿ ಅಂತ ಕಾದದ್ದು, ಮೆನುವಿನಲ್ಲಿ ಸೆಟ್ಟಿಂಗ್ ಬದಲಿಸಿದ್ದು ಎಲ್ಲ ಅದರಲ್ಲೇ ಇದೆ. ರಸ್ತೆಯ ಮೇಲೆ ಕಾರು ಓಡಿದ್ದು ತುಂಬಾ ಕಡಿಮೆ. ಇನ್ನೊಂದು ಸಲ ನೋಡೋಣ ಅಂತ ತೆರೆದರೆ 2 ಗಂಟೆ ದಾಟೀತು ಅಂತ ಗೇಮನ್ನೇ ಅನ್‌ಇನ್‌ಸ್ಟಾಲ್ ಮಾಡಿದ್ದೇನೆ.

ತಡವಾಗಿ ಕೇಳಲು ಕಾರಣ ನಮ್ಮೂರ ಮಳೆ. ನಾನಿರುವುದು ಮೂಡಿಗೆರೆ ಹತ್ತಿರ. ಆಷಾಢದಲ್ಲಿ ಇಲ್ಲಿ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್ಟೂ ಹೋಗುತ್ತದೆ. ಇಷ್ಟು ದೊಡ್ಡ ಗೇಮ್ ಡೌನ್‌ಲೋಡ್ ಆಗುವುದಕ್ಕೇ ವಾರ ಹಿಡಿಯಿತು.

ನೀವು ಪರಿಶೀಲಿಸುವ ಉಳಿದ ವಿಷಯಗಳನ್ನೂ ಹೇಳಿಬಿಡುತ್ತೇನೆ. ಗೇಮ್ ಕೊಂಡದ್ದು ನೇರವಾಗಿ ನಿಮ್ಮಿಂದಲೇ, ಹೊರಗಿನಿಂದ ಕೀ ತಂದು ಹಾಕಿದ್ದಲ್ಲ. ಪ್ಯಾಕ್‌ನ ಒಂದು ಕಾರನ್ನೂ ಬಳಸಿಲ್ಲ, ಬೇರೆಯವರಿಗೆ ಕೊಟ್ಟಿಲ್ಲ. ಚೀಟಿಂಗ್ ಅಂತ ಈ ಖಾತೆ ಯಾವತ್ತೂ ಬ್ಯಾನ್ ಆಗಿಲ್ಲ. ಇದಕ್ಕೂ ಮೊದಲು ಒಂದೇ ಒಂದು ರೀಫಂಡ್ ತೆಗೆದುಕೊಂಡಿದ್ದೇನೆ, ಅದೂ ಎರಡು ವರ್ಷದ ಹಿಂದೆ. ಸುಮ್ನೆ ಆಡಿ ನೋಡಿ ವಾಪಸ್ ಕೊಡುವ ಗಿರಾಕಿ ನಾನಲ್ಲ.

ದುಡ್ಡು ಕೊಟ್ಟದ್ದು ಯುಪಿಐನಲ್ಲಿ. ಅದೇ ಬ್ಯಾಂಕ್ ಖಾತೆಗೆ ₹1,798 ವಾಪಸ್ ಹಾಕಿದರೆ ಒಳ್ಳೆಯದು. ಆ ದಾರಿಯಲ್ಲಿ ಕಳಿಸಲು ಆಗದಿದ್ದರೆ ನಿಮ್ಮ ವಾಲೆಟ್‌ಗೆ ಹಾಕಿದರೂ ಪರವಾಗಿಲ್ಲ. ದಸರಾ ರಜೆಗೆ ಮಗನಿಗೆ ಹೇಗೂ ಇನ್ನೊಂದು ಗೇಮ್ ಕೊಡಿಸಬೇಕು.

ಕೋರಿಕೆ ಒಪ್ಪಿಗೆಯಾಗದಿದ್ದರೆ ಯಾವ ಷರತ್ತಿಗೆ ಹೊಂದಲಿಲ್ಲ ಅಂತ ದಯವಿಟ್ಟು ತಿಳಿಸಿ. ಜುಲೈ 20ಕ್ಕೆ 14 ದಿನ ಮುಗಿಯುತ್ತದೆ. ಅದಕ್ಕೂ ಮುಂಚೆ ಉತ್ತರ ಸಿಕ್ಕರೆ, ಬೇಕಾದ ವಿವರ ಸೇರಿಸಿ ಮತ್ತೊಮ್ಮೆ ಕೇಳಲು ನನಗೆ ಸಮಯ ಸಿಗುತ್ತದೆ.

ಇಂತಿ,
ಸಂತೋಷ್
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ