ಕೆಪಾಸಿಟರ್ ಲೆಕ್ಕಗಳು: ದ್ವಿತೀಯ ಪಿಯು, ಕೋಲಾರ ಸಂಜೆ ಬ್ಯಾಚ್

ಬೇಕಾಗುವ ಸೂತ್ರಗಳು: Q = CV, U = ½CV². ರೆಸಿಸ್ಟರ್‌ಗೆ ಕಲಿತ ನಿಯಮ ಇಲ್ಲಿ ಉಲ್ಟಾ. ಸಮಾಂತರದಲ್ಲಿ ಸುಮ್ನೆ ಕೂಡಿಸಿ. ಸರಣಿಯಲ್ಲಿ 1/C ಗಳನ್ನು ಕೂಡಿಸಿ, ಕೊನೆಗೆ ತಿರುಗಿಸಿ. ಅರ್ಧ ಕ್ಲಾಸ್ ತಿರುಗಿಸೋದನ್ನೇ ಮರೆಯುತ್ತೆ!

1. ಫ್ಯಾನ್‌ಗೆ 2.5 µF ಬೇಕು. ಅಂಗಡಿಯಲ್ಲಿ 5 µF ಮಾತ್ರ ಇವೆ. ಎಷ್ಟು ತರಬೇಕು, ಹೇಗೆ ಜೋಡಿಸಬೇಕು?

2. 4 µF ಮತ್ತು 12 µF ಸರಣಿಯಲ್ಲಿ, 200 V ಗೆ. ಒಟ್ಟು ಧಾರಕತೆ, ಚಾರ್ಜ್, ಪ್ರತಿಯೊಂದರ ವೋಲ್ಟೇಜ್ ಹೇಳಿ. ಜಾಸ್ತಿ ವೋಲ್ಟೇಜ್ ಯಾವುದಕ್ಕೆ? ಲೆಕ್ಕ ಮಾಡುವ ಮೊದಲೇ ಊಹಿಸಿ.

3. ನರಸಾಪುರದ ಹತ್ತಿರ ಒಂದು ತೋಟ. ಬೋರ್‌ವೆಲ್ ಪ್ಯಾನೆಲ್‌ನಲ್ಲಿ 36 µF ನ ಎರಡು ಕೆಪಾಸಿಟರ್ ಸಮಾಂತರವಾಗಿವೆ. ಕರೆಂಟ್ ಹೋದ ಕ್ಷಣದಲ್ಲಿ ಅವುಗಳ ಮೇಲೆ 325 V ಉಳಿದಿತ್ತು (230 V ಸಪ್ಲೈನ ಗರಿಷ್ಠ ಬೆಲೆ). ಸಂಗ್ರಹವಾದ ಶಕ್ತಿ ಎಷ್ಟು? ಸ್ವಿಚ್ ಆಫ್ ಆಗಿದೆ ಅಂತ ಟರ್ಮಿನಲ್ ಮುಟ್ಟಿದರೆ ಯಾಕೆ ಶಾಕ್ ಹೊಡೆಯುತ್ತೆ? ಒಂದು ವಾಕ್ಯದಲ್ಲಿ ಬರೆಯಿರಿ. ಮನೆಯಲ್ಲಿ ಪರೀಕ್ಷೆ ಮಾಡಬೇಡಿ.

4. 6 µF ಅನ್ನು 100 V ಗೆ ಚಾರ್ಜ್ ಮಾಡಿ, ಬ್ಯಾಟರಿ ಬಿಚ್ಚಿ, ಖಾಲಿ 3 µF ಗೆ ಸಮಾಂತರವಾಗಿ ಜೋಡಿಸಿದೆವು. ಮೊದಲಿನ ಮತ್ತು ನಂತರದ ಶಕ್ತಿ ಕಂಡುಹಿಡಿಯಿರಿ. ಚಾರ್ಜ್ ಅಷ್ಟೇ ಇದೆ, ಅಲ್ವಾ? ಹಾಗಾದರೆ ಶಕ್ತಿ ಎಲ್ಲಿಗೆ ಹೋಯಿತು?

ಉತ್ತರಗಳು (ಮೊದಲು ನೋಡಬೇಡಿ)
1: ಎರಡು, ಸರಣಿಯಲ್ಲಿ.
2: 3 µF, 600 µC, 4 µF ಗೆ 150 V, 12 µF ಗೆ 50 V.
3: 72 µF, ಸುಮಾರು 3.8 J.
4: 0.03 J, ನಂತರ 0.02 J. ಉಳಿದ 0.01 J ತಂತಿಯಲ್ಲಿ ಶಾಖವಾಗಿ, ಒಂದಿಷ್ಟು ಕಿಡಿಯಾಗಿ ಹೋಯಿತು.